ಮೂಟೆ ಒಂದು, ಮನೆ ಇಪ್ಪತ್ತು

ಬಡಾವಣೆಯ ಇಪ್ಪತ್ತು ಮನೆಯವರು ಸೇರಿ ಸಗಟು ಅಂಗಡಿಯಿಂದ ಒಂದು ಮೂಟೆ ತೊಗರಿಬೇಳೆ ತರಿಸುತ್ತಾರೆ. ಆರ್ಡರ್ ಬರೆದುಕೊಂಡು, ತಂದು, ತೂಗಿ ಹಂಚುವ ಗೃಹಿಣಿಗೆ ಅದರಲ್ಲಿ ಚೂರು ಕಮಿಷನ್. ಈ ಕಮಿಷನ್ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕುವವರು ಕಡಿಮೆ.

ಮೈಸೂರಿನ ಸಂತೇಪೇಟೆಯಿಂದ 50 ಕೆಜಿ ಮೂಟೆ ತಂದರು ಎಂದಿಟ್ಟುಕೊಳ್ಳಿ. ದರ ದಿನದಿನಕ್ಕೂ ಬದಲಾಗುತ್ತದೆ, ಲೆಕ್ಕಕ್ಕೆ ಕೆಜಿಗೆ 110 ರೂಪಾಯಿ ಹಿಡಿಯೋಣ. ಮೂಟೆಗೆ 5,500. ಆಟೊ ಮತ್ತು ಹಮಾಲಿಗೆ 250, ಕವರುಗಳಿಗೆ 50. ಒಟ್ಟು ಖರ್ಚು 5,800. ಬೀದಿಯ ಅಂಗಡಿಯಲ್ಲಿ ಅದೇ ಬೇಳೆ 135 ಇದ್ದಾಗ ಗುಂಪಿನವರಿಗೆ 122ಕ್ಕೆ ಕೊಡಬಹುದು. ಎರಡೂವರೆ ಕೆಜಿ ಒಯ್ಯುವ ಮನೆಗೆ ಮೂವತ್ತು ರೂಪಾಯಿಗೂ ಮಿಕ್ಕಿ ಉಳಿತಾಯ.

50 ಕೆಜಿಯೂ ಮಾರಾಟವಾದರೆ ಕೈಗೆ ಮುನ್ನೂರು ರೂಪಾಯಿ ಸಿಗಬೇಕು. ಸಿಗುವುದಿಲ್ಲ. ಒಂದೊಂದು ಪೊಟ್ಟಣದಲ್ಲೂ ತಕ್ಕಡಿ ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ವಾಲುತ್ತದೆ, ಮೂಟೆಯ ತಳದಲ್ಲಿ ನುಚ್ಚು, ದೂಳು ಉಳಿಯುತ್ತದೆ. ಹೀಗೆ ಅರ್ಧ ಕೆಜಿ ಕರಗುವುದು ಮಾಮೂಲು. ಇದನ್ನು ಮರೆತು ಪೂರ್ತಿ 50 ಕೆಜಿಗೆ ಆರ್ಡರ್ ತೆಗೆದುಕೊಂಡರೆ ಕೊನೆಯ ಮನೆಗೆ ತೂಕ ಕಡಿಮೆ ಬೀಳುತ್ತದೆ, ಮಾತು ಬರುವುದು ಅಲ್ಲಿಂದಲೇ. ಆರ್ಡರನ್ನು 49 ಕೆಜಿಗೆ ನಿಲ್ಲಿಸುವುದು ಜಾಣತನ. ಆಗ ಬರುವ ಹಣ 5,978, ಉಳಿಯುವುದು 178 ರೂಪಾಯಿ ಮತ್ತು ಅರ್ಧ ಕೆಜಿಯಷ್ಟು ಬೇಳೆ.

ಈಗ ಒಂದೇ ಮನೆಯವರು ಎರಡೂವರೆ ಕೆಜಿ ಒಯ್ದು, "ಮುಂದಿನ ತಿಂಗಳು ಕೊಡ್ತೀನಿ ಅಕ್ಕಾ" ಅಂದರೆ 305 ರೂಪಾಯಿ ನಿಂತಿತು. ಕಮಿಷನ್ ಪೂರ್ತಿ ಹೋಗಿ ಕೈಯಿಂದಲೇ ನೂರಿಪ್ಪತ್ತೇಳು ರೂಪಾಯಿ ಹಾಕಬೇಕು. ಅದಕ್ಕೇ ದುಡ್ಡು ಬಂದ ಮೇಲಷ್ಟೇ ಹೆಸರು ಬರೆದುಕೊಳ್ಳಬೇಕು. ಇದರಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಗಟು ಅಂಗಡಿಯ ಬಿಲ್ಲಿನ ಫೋಟೊ ಮತ್ತು ಕಮಿಷನ್ ಮೊತ್ತ ಎರಡನ್ನೂ ಗುಂಪಿಗೆ ಹಾಕಿಬಿಟ್ಟರೆ "ಎಷ್ಟು ಹೊಡೆದಳೋ" ಎಂಬ ಗುಸುಗುಸು ಹುಟ್ಟುವುದಿಲ್ಲ.

ತೂಗುವ ಗೋಳು ಬೇಡವೆಂದರೆ ಎಣ್ಣೆ, ಸೋಪಿನ ಪುಡಿಯಂಥ ಸೀಲ್ ಆದ ಸಾಮಾನು ತರಬಹುದು. ಅಲ್ಲಿ ನಷ್ಟವಿಲ್ಲ, ಲಾಭವೂ ತೆಳು. ಪ್ಯಾಕೆಟ್ಟಿನ ಎಂಆರ್‌ಪಿಗೆ ಹೋಲಿಸಿ ಅಗ್ಗ ಎನ್ನಬಾರದು, ಪಕ್ಕದ ಅಂಗಡಿಯವನು ಮಾರುವ ದರಕ್ಕೆ ಹೋಲಿಸಬೇಕು. ನೋಡಲು ಒಂದು ಲೀಟರಿನಂತೆಯೇ ಇರುವ ಎಣ್ಣೆ ಪ್ಯಾಕೆಟ್ಟಿನಲ್ಲಿ ಕೆಲವೊಮ್ಮೆ ಕಡಿಮೆ ಎಣ್ಣೆ ಇರುವುದುಂಟು, ನಿವ್ವಳ ತೂಕ ಓದದೆ ದರ ಹೇಳಬಾರದು. ಸೊಪ್ಪು, ಟೊಮೆಟೊ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಯಾರಾದರೂ ಊರಿಗೆ ಹೋಗಿ ಒಯ್ಯಲು ಬಾರದಿದ್ದರೆ ಬೇಳೆ ಕಾಯುತ್ತದೆ, ಸೊಪ್ಪು ಕಾಯುವುದಿಲ್ಲ.

ತಿಂಗಳು ತಿಂಗಳೂ ನಡೆಸುವುದಾದರೆ ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇರುವ ತಕ್ಕಡಿಯನ್ನೇ ಬಳಸಬೇಕು.