ದತ್ತು ಮಕ್ಕಳ ತೂಕ ಯಾರಂತೆ?

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತೇವೆ. ದಪ್ಪಗಿರುವ ಅಮ್ಮನ ಮಗಳೂ ದಪ್ಪಗಿದ್ದರೆ ಅದಕ್ಕೆ ಕಾರಣ ರಕ್ತವೋ, ಅಮ್ಮನ ಅಡುಗೆಯೋ? ಎರಡೂ ಒಂದೇ ಮನೆಯಿಂದ ಬರುವುದರಿಂದ ಆ ಮನೆಯನ್ನಷ್ಟೇ ನೋಡಿ ಹೇಳಲಾಗದು.

ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಇದಕ್ಕೆ ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹುಡುಕಿಕೊಂಡು ಹೋದರು. 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದತ್ತು ಹೋಗಿ ಬೆಳೆದು ದೊಡ್ಡವರಾದ 540 ಜನರನ್ನು ತೆಳ್ಳಗಿನವರಿಂದ ಬೊಜ್ಜಿನವರವರೆಗೆ ನಾಲ್ಕು ಗುಂಪು ಮಾಡಿ ಇಬ್ಬಗೆಯ ಹೆತ್ತವರೊಂದಿಗೂ ಹೋಲಿಸಿದರು. ಹಡೆದವರ ತೂಕಕ್ಕೂ ಮಕ್ಕಳ ತೂಕಕ್ಕೂ ಸ್ಪಷ್ಟ ನಂಟಿತ್ತು. ಸಾಕಿದವರ ಜೊತೆ ಇರಲಿಲ್ಲ.

ಇದು ಗರ್ಭದಲ್ಲಿ ಸಿಕ್ಕ ಪೋಷಣೆಯ ಫಲವೂ ಆಗಿರಬಹುದಲ್ಲ? ಹಾಗಿದ್ದರೆ ನಂಟು ತಾಯಿಯೊಂದಿಗೆ ಮಾತ್ರ ಇರಬೇಕಿತ್ತು. ಹಡೆದ ತಂದೆಯೊಂದಿಗೂ ಅದು ಕಂಡಿತು.

ಮುಂದೆ 1990ರಲ್ಲಿ ಅವರೇ ಸ್ವೀಡನ್ನಿನ ಅವಳಿಗಳನ್ನು ಪರೀಕ್ಷಿಸಿದರು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಗಂಡು ಅವಳಿಗಳಲ್ಲಿ ಎತ್ತರಕ್ಕೆ ತಕ್ಕ ತೂಕದ ಹೋಲಿಕೆ 0.70, ಒಟ್ಟಿಗೆ ಬೆಳೆದವರಲ್ಲಿ 0.74. ಪೂರ್ತಿ ಹೊಂದಿಕೆಗೆ 1, ಹೊಂದಿಕೆಯೇ ಇಲ್ಲದಿದ್ದರೆ 0. ಒಂದೇ ಮನೆಯ ಊಟ ಸೇರಿಸಿದ್ದು ಅಷ್ಟು ಕಡಿಮೆ!

ಹಾಗೆಂದು ನಿಮ್ಮ ತೂಕದ 70 ಪಾಲು ವಂಶವಾಹಿಯದು ಎಂದು ಓದಿಕೊಂಡರೆ ತಪ್ಪು. ಈ ಅಂಕಿ ಹೇಳುವುದು ಆ ಜನರ ನಡುವಿನ ವ್ಯತ್ಯಾಸವನ್ನು, ಅದೂ ಅವರೆಲ್ಲರಿಗೂ ಊಟ ಸಿಗುತ್ತಿದ್ದ ಕಾಲದ್ದನ್ನು. ಬರ ಬಂದರೆ ಅದೇ ವಂಶವಾಹಿಗಳಿದ್ದೂ ಎಲ್ಲರೂ ಸೊರಗುತ್ತಾರೆ.