ಹಸಿ ಮರಳಿನ ಗುಬ್ಬಿಗೂಡು ನಿಲ್ಲುವುದೇಕೆ?

ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿ ಕಂಡರೆ ಮಕ್ಕಳು ಬಿಡುವುದಿಲ್ಲ. ಒಂದು ಪಾದ ಊರಿ, ಅದರ ಮೇಲೆ ಹಸಿ ಮರಳು ಮುಚ್ಚಿ, ಅಂಗೈಯಿಂದ ತಟ್ಟಿ ತಟ್ಟಿ, ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡರೆ ಗುಬ್ಬಿಗೂಡು ಸಿದ್ಧ. ಒಳಗೆ ಟೊಳ್ಳು, ಮೇಲೆ ಕಮಾನು. ಮಲ್ಪೆಯ ಕಡಲ ತೀರದಲ್ಲಿ ಬಕೆಟ್ ಮಗುಚಿ ಕಟ್ಟುವ ಕೋಟೆ ನಿಲ್ಲುವುದೂ ಇದೇ ಬಲದಿಂದ. ಒಣ ಮರಳಿನಲ್ಲಿ ಈ ಆಟ ನಡೆಯುವುದಿಲ್ಲ. ಅದನ್ನು ಹೇಗೆ ಸುರಿದರೂ ಸುಮಾರು 30ರಿಂದ 35 ಡಿಗ್ರಿ ಇಳಿಜಾರಿನ ಗುಡ್ಡೆಯಾಗಿ ಕೂರುತ್ತದೆ, ಅದಕ್ಕಿಂತ ಕಡಿದಾದರೆ ಜಾರುತ್ತದೆ. ಅಲ್ಲಿ ಕಣಕ್ಕೂ ಕಣಕ್ಕೂ ತಿಕ್ಕಾಟವಿದೆ, ಹಿಡಿತವಿಲ್ಲ.

ನೀರು ಕಣಗಳನ್ನು ಅಂಟಿಸುತ್ತದೆ ಎಂಬ ಉತ್ತರ ಸಾಲದು. ನೀರೇ ಅಂಟಾಗಿದ್ದರೆ ಹೆಚ್ಚು ನೀರು ಸುರಿದಷ್ಟೂ ಗೋಡೆ ಗಟ್ಟಿಯಾಗಬೇಕಿತ್ತು. ನಿಜವಾದ ಕೆಲಸ ನಡೆಯುವುದು ನೀರು ಮತ್ತು ಗಾಳಿ ಸಂಧಿಸುವ ಮೇಲ್ಮೈಯಲ್ಲಿ.

ಮರಳು ಸ್ವಲ್ಪ ತೇವವಾದಾಗ ನೀರು ಕಣಗಳು ಒಂದಕ್ಕೊಂದು ತಾಗುವ ಸಂದುಗಳಲ್ಲಿ ಸೇರಿಕೊಂಡು ಪುಟ್ಟ ಸೇತುವೆಗಳಾಗುತ್ತದೆ. ನೀರಿಗೆ ಮರಳಿನ ಮೈಗೆ ಹರಡಿಕೊಳ್ಳುವ ಸ್ವಭಾವವಿರುವುದರಿಂದ ಈ ಸೇತುವೆಯ ಅಂಚು ಒಳಕ್ಕೆ ಬಾಗಿರುತ್ತದೆ. ಹಾಗೆ ಬಾಗಿದ ಮೇಲ್ಮೈಯ ಎಳೆತದಿಂದ ಒಳಗಿನ ನೀರಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದು ಈ ಹೀರುವಿಕೆಯಿಂದಲೇ. ವಿಜ್ಞಾನದಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಬಾಗು ಬಿಗಿಯಾದಷ್ಟೂ ಹೀರುವಿಕೆ ಜೋರು. ಬಾಗಿನ ತ್ರಿಜ್ಯ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿದ್ದರೆ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ಶೇ. 7ರಷ್ಟು ಇಳಿದಿರುತ್ತದೆ. ಎರಡೂ ಕಣಗಳು ಪರಸ್ಪರ ಒತ್ತಿಕೊಳ್ಳುತ್ತವೆ. ಒತ್ತಿಕೊಂಡಾಗ ತಿಕ್ಕಾಟವೂ ಹೆಚ್ಚುತ್ತದೆ.

ಈ ಹಿಡಿತ ಎಷ್ಟು ದೊಡ್ಡದು? 0.2 ಮಿ.ಮೀ. ಅಗಲದ, ನುಣುಪಾದ ದುಂಡು ಕಣವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಸೇತುವೆಯ ಸೆಳೆತ ಆ ಕಣದ ತೂಕದ ಸುಮಾರು 400 ಪಟ್ಟು ಬರುತ್ತದೆ. ನಿಜವಾದ ಮರಳು ಒರಟಾಗಿರುವುದರಿಂದ ಬಲ ಇದಕ್ಕಿಂತ ಕಡಿಮೆ, ಆದರೂ ಕಣವನ್ನು ಹಿಡಿದಿಡಲು ಧಾರಾಳವಾಗಿ ಸಾಕು. ಈಗ ಕಣವನ್ನು ಹತ್ತು ಪಟ್ಟು ಅಗಲ ಮಾಡಿ, ಅಂದರೆ 2 ಮಿ.ಮೀ. ಸೆಳೆತ ಹತ್ತು ಪಟ್ಟು ಏರುತ್ತದೆ, ತೂಕವೋ ಸಾವಿರ ಪಟ್ಟು. 400 ಪಟ್ಟು ಇದ್ದ ಹಿಡಿತ 4 ಪಟ್ಟಿಗೆ ಇಳಿಯಿತು. ಜಲ್ಲಿಯನ್ನು ಎಷ್ಟು ನೆನೆಸಿದರೂ ಅದರಿಂದ ಗುಬ್ಬಿಗೂಡು ಆಗದಿರುವುದು ಇದಕ್ಕೇ.

ಇನ್ನೊಂದು ಸೋಜಿಗವೆಂದರೆ, ಇದಕ್ಕೆ ನೀರನ್ನು ಅಳೆದು ಹಾಕಬೇಕಾಗಿಲ್ಲ. ನೀರು ಸ್ವಲ್ಪ ಹೆಚ್ಚಾದರೆ ಸೇತುವೆ ದಪ್ಪವಾಗಿ ಬಾಗು ಸಡಿಲವಾಗುತ್ತದೆ, ಹೀರುವಿಕೆ ತಗ್ಗುತ್ತದೆ. ಆದರೆ ಆ ಹೀರುವಿಕೆ ಕೆಲಸ ಮಾಡುವ ಜಾಗ ಅಗಲವಾಗುತ್ತದೆ. ಒಂದರ ನಷ್ಟವನ್ನು ಇನ್ನೊಂದು ತುಂಬಿಕೊಡುವುದರಿಂದ ಒಟ್ಟು ಬಲ ಹೆಚ್ಚು ಬದಲಾಗುವುದಿಲ್ಲ. 2008ರಲ್ಲಿ ಜರ್ಮನಿಯ ವಿಜ್ಞಾನಿಗಳ ತಂಡವೊಂದು ಎಕ್ಸ್-ರೇ ಚಿತ್ರಗಳಲ್ಲಿ ಈ ಸೇತುವೆಗಳು ಒಂದರೊಳಗೊಂದು ಕೂಡಿಕೊಳ್ಳುವುದನ್ನು ನೋಡಿ, ನೀರಿನ ಪ್ರಮಾಣ ಸಾಕಷ್ಟು ಏರಿಳಿದರೂ ಮರಳಿನ ಗಟ್ಟಿತನ ಹೆಚ್ಚುಕಡಿಮೆ ಒಂದೇ ಇರುತ್ತದೆಂದು ತೋರಿಸಿತು. 2012ರಲ್ಲಿ ಆಮ್‌ಸ್ಟರ್‌ಡಾಮಿನ ಡೇನಿಯಲ್ ಬಾನ್ ಮತ್ತು ಸಂಗಡಿಗರು ಅತಿ ಎತ್ತರದ ಕಂಬಕ್ಕೆ ಗಾತ್ರದ ಲೆಕ್ಕದಲ್ಲಿ ಶೇ. 1ರಷ್ಟು ನೀರೇ ಸಾಕೆಂದು ಕಂಡರು. ಕಂಬದ ಬುಡವನ್ನು ಎರಡು ಪಟ್ಟು ಅಗಲ ಮಾಡಿದರೆ ಅದು ನಿಲ್ಲಬಲ್ಲ ಎತ್ತರ ಎರಡು ಪಟ್ಟಾಗದೆ ಸುಮಾರು 1.6 ಪಟ್ಟಾಗುತ್ತದೆಂಬುದೂ ಅವರ ಲೆಕ್ಕವೇ.

ಆದರೆ ಕಣಗಳ ನಡುವಿನ ಸಂದುಗಳೆಲ್ಲ ತುಂಬುವಷ್ಟು ನೀರು ಬಂದು ಮರಳು ಮುಳುಗಿತೆನ್ನಿ. ಗಾಳಿ ಹೊರಟುಹೋಯಿತು, ಬಾಗಿದ ಮೇಲ್ಮೈ ಉಳಿಯಲಿಲ್ಲ, ಹೀರುವಿಕೆ ಶೂನ್ಯ. ಜೊತೆಗೆ ನೀರು ಕಣಗಳನ್ನು ಮೇಲಕ್ಕೆತ್ತಿ ಅವುಗಳ ತೂಕದ ಸುಮಾರು ಶೇ. 38ರಷ್ಟನ್ನು ತಾನೇ ಹೊರುವುದರಿಂದ ತಿಕ್ಕಾಟವೂ ತಗ್ಗುತ್ತದೆ. ತಟ್ಟೆಯಲ್ಲಿ ಗಟ್ಟಿಯಾಗಿ ನಿಂತ ಮರಳಿನ ಅಚ್ಚಿನ ಸುತ್ತ ನೀರು ಸುರಿದು ನೋಡಿ: ನೀರು ಏರಿದಂತೆ ಅಚ್ಚು ಬುಡದಿಂದಲೇ ಕರಗಿ ಕುಸಿಯುತ್ತದೆ. ಬಿಸಿಲಿಗೆ ಬಿಟ್ಟದ್ದು ಬೀಳುವ ಬಗೆ ಬೇರೆ. ಮೊದಲು ಅಂಚುಗಳು ಬಿಳಿಚಿಕೊಂಡು ಪುಡಿಪುಡಿಯಾಗಿ ಉದುರುತ್ತವೆ, ಒಳಗಿನ ತಿರುಳು ಕೊನೆಯವರೆಗೂ ನಿಂತಿರುತ್ತದೆ.

ಮುಳುಗುವುದೂ ಪೂರ್ತಿ ನೆನೆಯುವುದೂ ಒಂದೇ ಅಲ್ಲ. ಅಲೆ ಹಿಂದೆ ಸರಿದ ಮೇಲೆ ಕಡಲಂಚಿನ ಮರಳಿನಲ್ಲಿ ಸಂದುಗಳೆಲ್ಲ ನೀರಿನಿಂದ ತುಂಬಿಯೇ ಇರುತ್ತವೆ. ಆದರೂ ಅದು ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ. ನೀರಿನ ಮಟ್ಟ ಸ್ವಲ್ಪ ಕೆಳಗಿಳಿದಿದ್ದು, ಮರಳಿನ ಮೇಲ್ಮೈಯಲ್ಲಿ ಮಾತ್ರ ನೀರು ಗಾಳಿಗೆ ಮುಖವೊಡ್ಡಿ ಕಣಗಳ ನಡುವೆ ಒಳಕ್ಕೆ ಬಾಗಿರುತ್ತದೆ. ಆ ಒಂದು ತೆಳು ಪದರದ ಬಾಗು ಕೆಳಗಿನ ನೀರನ್ನೆಲ್ಲ ಹೀರುವಿಕೆಯಲ್ಲಿ ಹಿಡಿದಿರುತ್ತದೆ.

ಬಾಗಿದ ಮೇಲ್ಮೈಯೇ ಮುಖ್ಯ ಎಂಬುದಕ್ಕೆ ತಿರುಗುಮುರುಗಾದ ಸಾಕ್ಷಿಯೂ ಇದೆ. ನೀರು ಹತ್ತದಂತೆ ಲೇಪಿಸಿದ ಬಣ್ಣದ ಮರಳು ಆಟಿಕೆಯಾಗಿ ಮಾರಾಟಕ್ಕಿದೆ. ನೀರಿನೊಳಗೆ ಸುರಿದರೆ ಅದು ತನ್ನ ಸುತ್ತ ಗಾಳಿಯನ್ನು ಹಿಡಿದಿಟ್ಟುಕೊಂಡು, ಹೇಳಿದ ಆಕಾರದಲ್ಲಿ ನಿಲ್ಲುತ್ತದೆ. ಹೊರತೆಗೆದರೆ ಒಣ ಮರಳಿನಂತೆ ಉದುರುತ್ತದೆ. ಅಲ್ಲಿ ಸೇತುವೆಯಾಗುವುದು ಗಾಳಿ.