ದಾಸ್ತಾನು ಇಳಿದರೆ ಉಳಿತಾಯ ಎಷ್ಟು?

ಪೂರೈಕೆ ಸರಪಳಿ ವಿಶ್ಲೇಷಕರು ದಾಸ್ತಾನು ಇಳಿಸುವಾಗ ಮೊದಲು ನೋಡಬೇಕಾದದ್ದು ಗೋದಾಮನ್ನಲ್ಲ, ಎಸ್‌ಎಪಿ ತಂತ್ರಾಂಶದಲ್ಲಿ ಪ್ರತಿ ವಸ್ತುವಿಗೂ ನಮೂದಾಗಿರುವ ಪೂರೈಕೆ ಅವಧಿಯನ್ನು. ಹಿಂದೆಂದೋ ತುಂಬಿದ ಈ ಅಂಕಿಯನ್ನು ಆಮೇಲೆ ತಿದ್ದುವವರು ಕಡಿಮೆ.

ಪಂಪ್ ತಯಾರಿಸುವ ಒಂದು ಕಾರ್ಖಾನೆಗೆ ದಿನಕ್ಕೆ 40 ಬೇರಿಂಗ್ ಬೇಕು ಎಂದುಕೊಳ್ಳಬಹುದು. ಪೂರೈಕೆ ಅವಧಿ 30 ದಿನ, ಆಪತ್ತಿಗೆಂದು ಇಟ್ಟ ದಾಸ್ತಾನು 200. ಹಾಗಾಗಿ ದಾಸ್ತಾನು 1,400ಕ್ಕೆ ಇಳಿದೊಡನೆ ಹೊಸ ಆರ್ಡರ್ ಹೋಗುತ್ತದೆ. ವಿಶ್ಲೇಷಕರು ME2N ಪರದೆಯಲ್ಲಿ ಹಳೆಯ ಖರೀದಿ ಆದೇಶಗಳನ್ನು ತೆಗೆದು, ಆದೇಶದ ದಿನಾಂಕವನ್ನೂ ಸರಕು ಬಂದ ದಿನಾಂಕವನ್ನೂ ಹೋಲಿಸಿದಾಗ ನಿಜವಾದ ಅವಧಿ 18 ದಿನ ಎಂದು ಕಾಣುತ್ತದೆ. ಆಗ ಆರ್ಡರ್ ಮಟ್ಟ 920 ಸಾಕು. ಸರಾಸರಿ ದಾಸ್ತಾನಿನಲ್ಲಿ 480 ಬೇರಿಂಗ್ ಇಳಿಯುತ್ತದೆ; ಒಂದಕ್ಕೆ 250 ರೂಪಾಯಿಯಂತೆ 1.2 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ.

ಲೆಕ್ಕ ತಪ್ಪುವುದು ಇಲ್ಲಿಯೇ. ಈ 1.2 ಲಕ್ಷ ಒಮ್ಮೆ ಮಾತ್ರ ಕೈಗೆ ಬರುವ ಹಣ, ವಾರ್ಷಿಕ ಲಾಭವಲ್ಲ. ಬಡ್ಡಿ, ವಿಮೆ, ಜಾಗದ ಖರ್ಚು ಸೇರಿ ಶೇ. 15 ಎಂದು ಹಿಡಿದರೆ ವರ್ಷದ ಉಳಿತಾಯ 18,000 ರೂಪಾಯಿ ಅಷ್ಟೆ. ವರದಿಗಳಲ್ಲಿ ಇವೆರಡನ್ನೂ ಕೂಡಿಸಿ ತೋರಿಸುವ ಚಪಲ ಸಾಮಾನ್ಯ.

ಸಾಗಣೆ ವೆಚ್ಚದ ಕಥೆ ಬೇರೆ. ಒಂದು ಆರ್ಡರಿನ ಗಾತ್ರ ಹಾಗೆಯೇ ಇದ್ದರೆ ಲಾರಿ ಬಾಡಿಗೆ ಬದಲಾಗದು. ಇನ್ನಷ್ಟು ಉಳಿಸಲು ಗಾತ್ರವನ್ನೇ ತಗ್ಗಿಸಿದರೆ ಅರೆತುಂಬಿದ ಲಾರಿಗಳು ಓಡಿ, ಗೋದಾಮಿನಲ್ಲಿ ಉಳಿದದ್ದು ರಸ್ತೆಯಲ್ಲಿ ಖರ್ಚಾಗುತ್ತದೆ. ಹೀಗಾಗಿ ಒಂದೊಂದು ಬೇರಿಂಗಿಗೆ ಬಿದ್ದ ಬಾಡಿಗೆಯನ್ನೂ, ತುರ್ತಾಗಿ ತರಿಸಿದ ಸರಕಿನ ಹೆಚ್ಚುವರಿ ಬಾಡಿಗೆಯನ್ನೂ ತಿಂಗಳುಗಟ್ಟಲೆ ಗಮನಿಸಬೇಕು. ತುರ್ತು ಬಾಡಿಗೆ ಏರತೊಡಗಿದರೆ 18 ದಿನದ ಸರಾಸರಿಯ ಹಿಂದೆ 26 ದಿನ ತಡಮಾಡಿದ ಆರ್ಡರುಗಳು ಅಡಗಿದ್ದವೆಂದೇ ಅನುಮಾನಿಸಬೇಕು. ಆಗ ಹೆಚ್ಚಿಸಬೇಕಾದದ್ದು ಆಪತ್ತಿನ ದಾಸ್ತಾನನ್ನು.